ಸಬ್‌ಟೈಟಲ್ಲೋ ಡಬ್ಬಿಂಗೋ: ಡೊಂಬಿವಲಿಯ ನಮ್ಮ ಮನೆಯಲ್ಲಿ ‘ಮನಿ ಹೈಸ್ಟ್’

ಸ್ಪೇನಿನ ದರೋಡೆ ಕಥೆ ‘ಮನಿ ಹೈಸ್ಟ್’ ಧಾರಾವಾಹಿಯನ್ನು ನೆಟ್‌ಫ್ಲಿಕ್ಸ್‌ನಲ್ಲಿ ಮನೆಮಂದಿಯೆಲ್ಲ ಕೂತು ನೋಡೋಣವೆಂದಾಗ ಮೊದಲು ಎದ್ದ ಪ್ರಶ್ನೆ ಯಾವ ಭಾಷೆಯಲ್ಲಿ ನೋಡುವುದು ಎಂಬುದು. ಸ್ಪ್ಯಾನಿಷ್ ಮೂಲಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದೆ, ಹಿಂದಿ ಡಬ್ಬಿಂಗೂ ಇದೆ. ನಾನು, ನನ್ನ ಹೆಂಡತಿ ಇಂಗ್ಲಿಷನ್ನು ಸರಾಗವಾಗಿ ಓದುತ್ತೇವೆ. ಅಮ್ಮನಿಗೆ ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದು ಹಿಂದಿ, ಮರಾಠಿ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಅಕ್ಷರ ಕೂಡಿಸಿ ಓದಬೇಕು.

ಇಂಥಲ್ಲಿ ನಾನು ಯಾರನ್ನೂ ಅಭಿಪ್ರಾಯ ಕೇಳುವುದಿಲ್ಲ. ಮೊದಲ ಕಂತಿನಲ್ಲಿ ಇಬ್ಬರು ಮಾತಿಗೆ ಮಾತು ಬೆಳೆಸುವ ಒಂದು ದೃಶ್ಯ ಹುಡುಕಿ, ಅದನ್ನೇ ಎರಡು ಸಲ ಹಾಕುತ್ತೇನೆ. ಮೊದಲು ಮೂಲ ಧ್ವನಿ ಮತ್ತು ಸಬ್‌ಟೈಟಲ್, ಆಮೇಲೆ ಡಬ್ಬಿಂಗ್. ಪ್ರತಿ ಸಲವೂ ಕೇಳುವುದು ಒಂದೇ: ಮಾತು ಕೇಳಿಸಿಕೊಳ್ಳುತ್ತಿದ್ದವನ ಮುಖ ಹೇಗಿತ್ತು? ಆಡಿದವನದಲ್ಲ, ಕೇಳಿಸಿಕೊಂಡವನದು. ಓದುವುದರಲ್ಲೇ ಕಣ್ಣು ಸಿಕ್ಕಿಬಿದ್ದವರಿಗೆ ಅದು ಗೊತ್ತಿರುವುದಿಲ್ಲ. ಅಮ್ಮ ನೇರವಾಗಿಯೇ ಹೇಳಿದರು, “ಮಗಾ, ಓದುವುದರಲ್ಲೇ ಎಲ್ಲ ಹೋಯ್ತು, ಅವನ ಮುಖ ನೋಡ್ಲಿಕ್ಕೇ ಆಗ್ಲಿಲ್ಲ.”

ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ನೆಟ್‌ಫ್ಲಿಕ್ಸ್‌ನ ನಿಯಮದಂತೆ ಇಂಗ್ಲಿಷ್ ಸಬ್‌ಟೈಟಲ್ ಎರಡು ಸಾಲು ಮೀರಬಾರದು, ಒಂದು ಸಾಲಿಗೆ ಹೆಚ್ಚೆಂದರೆ 42 ಅಕ್ಷರ, ಓದುವ ವೇಗ ದೊಡ್ಡವರಿಗೆ ಸೆಕೆಂಡಿಗೆ 20 ಅಕ್ಷರದವರೆಗೆ. ಅಂದರೆ ತುಂಬಿದ ಎರಡು ಸಾಲು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ನಿಂತು ಮಾಯವಾಗಬಹುದು. ‘ಮನಿ ಹೈಸ್ಟ್’ನವರೋ ಅರಳು ಹುರಿದ ಹಾಗೆ ಮಾತಾಡುತ್ತಾರೆ, ಒಂದರ ಹಿಂದೆ ಒಂದು ಸಾಲು ಬರುತ್ತಲೇ ಇರುತ್ತದೆ. ನಮಗೆ ಓದಿ ಮುಗಿಸಿ ಮುಖ ನೋಡಲು ಅರೆಗಳಿಗೆ ಉಳಿಯುತ್ತದೆ, ಅಮ್ಮನಿಗೆ ಉಳಿಯುವುದಿಲ್ಲ.

ಹಾಗಂತ ಡಬ್ಬಿಂಗ್ ಹಾಕಿದರೆ ನಷ್ಟವಿಲ್ಲ ಎಂದಲ್ಲ. ಡಬ್ಬಿಂಗ್‌ನಲ್ಲಿ ಸಂಗೀತ, ಗುಂಡಿನ ಸದ್ದು ಇರುವ ಧ್ವನಿಪಟ್ಟಿಯನ್ನು ಹಾಗೇ ಇಟ್ಟು, ಮಾತಿನ ಧ್ವನಿಪಟ್ಟಿಯನ್ನು ಮಾತ್ರ ಬದಲಿಸುತ್ತಾರೆ. ಆದರೆ ಏದುಸಿರು, ಬಿಕ್ಕಳಿಕೆ, ನಗು ಮಾತಿಗೇ ಅಂಟಿಕೊಂಡಿರುತ್ತವೆ. ಈ ಕಥೆಯಲ್ಲಿ ಡೆನ್ವರ್ ಎಂಬ ಕಳ್ಳನ ಗಂಟಲು ಒಡೆದಂತಹ ನಗು ಇದೆ, ಆ ಪಾತ್ರದ ಅರ್ಧ ಜೀವ ಅದೇ. ನಗುನಗುತ್ತ ಮಾತಾಡುವಲ್ಲಿ ಆ ನಗುವನ್ನೂ ಡಬ್ಬಿಂಗ್ ಕಲಾವಿದನೇ ನಗಬೇಕಾಗುತ್ತದೆ. ಹಾಗಾಗಿ ಡಬ್ಬಿಂಗ್ ಪರೀಕ್ಷಿಸುವಾಗ ನಾನು ಮಾತಿಗಿಂತ ಮಾತಿನ ನಡುವಿನ ಜಾಗಕ್ಕೆ ಕಿವಿಗೊಡುತ್ತೇನೆ. ಓಡಿ ಬಂದವನ ಉಸಿರು ಕೇಳಬೇಕು, ದೊಡ್ಡ ಹಜಾರದಲ್ಲಿ ಕೂಗಿದರೆ ದನಿ ಹಜಾರದ್ದಾಗಿರಬೇಕು. ಎಲ್ಲರೂ ಒಂದೇ ಪುಟ್ಟ ಕೋಣೆಯಲ್ಲಿ ಕೂತು ಮಾತಾಡಿದಂತೆ ಕೇಳಿಸಿದರೆ ಆ ಡಬ್ಬಿಂಗ್ ಬೇಡ.

ಇನ್ನೊಂದು ವಿಷಯ, ಇದು ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ. ಹಿಂದಿ ಧ್ವನಿ ಹಾಕಿ ಕೆಳಗೆ ಇಂಗ್ಲಿಷ್ ಸಾಲನ್ನೂ ಇಟ್ಟುಕೊಳ್ಳುತ್ತಾರೆ, ಆಮೇಲೆ ‘ಇವರು ಹೇಳುವುದೊಂದು, ಬರೆದಿರುವುದೊಂದು’ ಎಂದು ಗೊಣಗುತ್ತಾರೆ. ಎರಡೂ ಬೇರೆಬೇರೆ ಅನುವಾದಗಳು. ಡಬ್ಬಿಂಗ್ ಬರೆಯುವವರು ತುಟಿಯ ಚಲನೆಗೆ ಹೊಂದಿಸುತ್ತಾರೆ. ಪ, ಬ, ಮ ಎನ್ನುವಾಗ ತುಟಿ ಮುಚ್ಚಬೇಕು, ನಟನ ತುಟಿಯೂ ಆಗ ಮುಚ್ಚಿರಬೇಕು. ಸಬ್‌ಟೈಟಲ್ ಬರೆಯುವವರು ಓದುವ ಸಮಯಕ್ಕೆ ಹೊಂದಿಸುತ್ತಾರೆ, ಮಾತನ್ನು ಸಂಕ್ಷೇಪಿಸುತ್ತಾರೆ. ಡಬ್ಬಿಂಗ್ ಹಾಕಿದರೆ ಕೆಳಗಿನ ಸಾಲನ್ನು ತೆಗೆದುಬಿಡಿ, ಕಿವಿ ಮತ್ತು ಕಣ್ಣು ಜಗಳವಾಡುವುದು ತಪ್ಪುತ್ತದೆ. ಮೂಲದಲ್ಲೇ ನೋಡುವವರು ಸಬ್‌ಟೈಟಲ್ ಪಟ್ಟಿಯಲ್ಲಿ `English` ಮತ್ತು `English [CC]` ಎರಡೂ ಇದ್ದರೆ ಮೊದಲನೆಯದನ್ನು ಆರಿಸಿ. CC ಇರುವುದು ಕಿವಿ ಕೇಳದವರಿಗೆಂದು. ವಿದೇಶಿ ಧಾರಾವಾಹಿಗಳಲ್ಲಿ ಅದು ಹಲವು ಸಲ ಇಂಗ್ಲಿಷ್ ಡಬ್ಬಿಂಗ್‌ನ ಮಾತನ್ನೇ ಅನುಸರಿಸುತ್ತದೆ. 2021ರಲ್ಲಿ ಕೊರಿಯಾದ ‘ಸ್ಕ್ವಿಡ್ ಗೇಮ್’ ಬಂದಾಗ ಅನುವಾದ ಸರಿಯಿಲ್ಲವೆಂದು ಎದ್ದ ಗದ್ದಲದಲ್ಲಿ ಒಂದು ಪಾಲು ಈ CC ಸಾಲುಗಳದ್ದೇ ಆಗಿತ್ತು. ನಟ ಒಂದೇ ಪದ ಕೂಗಿದಾಗ ಕೆಳಗೆ ಉದ್ದದ ವಾಕ್ಯ ಬಂದರೆ ಸಂಶಯಪಡಿ.

ಕಡೆಗೆ ನಾವು ಮಾಡಿದ್ದು ಹೀಗೆ. ರಾತ್ರಿ ಊಟವಾದ ಮೇಲೆ ಅಮ್ಮನ ಜೊತೆ ಹಿಂದಿಯಲ್ಲಿ ನೋಡಿದೆವು. ಈ ಕಥೆಗೆ ಡಬ್ಬಿಂಗ್ ಒಗ್ಗುವುದಕ್ಕೆ ಒಂದು ಕಾರಣವೂ ಇದೆ: ಕಳ್ಳರು ಅನೇಕ ಕಡೆ ಮುಖವಾಡದಲ್ಲಿರುತ್ತಾರೆ, ಅವರನ್ನು ಹೊರಗಿನಿಂದ ನಡೆಸುವ ಪ್ರೊಫೆಸರ್ ಬಹಳಷ್ಟು ಮಾತಾಡುವುದು ಫೋನಿನಲ್ಲಿ, ಅಂಥಲ್ಲಿ ತುಟಿಯ ಹೊಂದಾಣಿಕೆ ಕೆಡುವ ಪ್ರಶ್ನೆಯೇ ಇಲ್ಲ. ಆದರೆ ಪ್ರೊಫೆಸರ್ ಮತ್ತು ಪೊಲೀಸ್ ಅಧಿಕಾರಿ ರಾಕೆಲ್ ಎದುರುಬದುರು ಕೂತು ಮಾತಾಡುವ ದೃಶ್ಯಗಳನ್ನು ನಾನು, ಹೆಂಡತಿ ಆಮೇಲೆ ಸ್ಪ್ಯಾನಿಷ್‌ನಲ್ಲಿ ಮತ್ತೆ ನೋಡಿದೆವು. ತಾನು ಯಾರೆಂದು ಮುಚ್ಚಿಡುವವನ ದನಿಯಲ್ಲಿ ಬರುವ ಸಣ್ಣ ತಡವರಿಕೆ ಆ ನಟನ ಸ್ವಂತ ಗಂಟಲಿನಲ್ಲೇ ಕೇಳಬೇಕು ಅನ್ನಿಸಿತು.

ಕಲ್ಯಾಣ್ ಲೋಕಲ್‌ನಲ್ಲಿ ಫೋನ್ ಹಿಡಿದು ನೋಡುವಾಗಲೂ ನನಗೆ ಡಬ್ಬಿಂಗೇ ಬೇಕು. ಥಾಣೆ ಬಂತೇ ಎಂದು ತಲೆಯೆತ್ತಿದರೆ ಎರಡು ಸಾಲು ಹೋಗಿಬಿಟ್ಟಿರುತ್ತದೆ.