ಸಂಘದ ಸಾಲದ ಕಾರ್ಡ್‌ನಲ್ಲಿ ನಿಜವಾದ ಬಡ್ಡಿ ಎಷ್ಟು?

ಕಾರ್ಡ್‌ನಲ್ಲಿ ಸಾಲ 30,000, ವಾರಕ್ಕೆ 675, 50 ಕಂತು ಅಂತಿದೆ ಎಂದುಕೊಳ್ಳಿ. ಒಟ್ಟು ಕಟ್ಟುವುದು 33,750. ‘ಬಡ್ಡಿ ಹನ್ನೆರಡೂವರೆ ಪರ್ಸೆಂಟ್ ಅಷ್ಟೇ’ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರೊಸೆಸಿಂಗ್ ಫೀ, ವಿಮೆ ಅಂತ 1,000 ಮೊದಲೇ ಹಿಡಿದರೆ ಕೈಗೆ ಬರುವುದು 29,000. ಅಂದರೆ ಜಾಸ್ತಿ ಕಟ್ಟಿದ್ದು 4,750.

ಅಸಲು ವಾರವಾರ ಕರಗುತ್ತದೆ. ವರ್ಷವಿಡೀ ನಿಮ್ಮ ಹತ್ತಿರ ಸರಾಸರಿ ಇರುವುದು ಕೈಗೆ ಬಂದ 29,000ದ ಅರ್ಧದಷ್ಟು, ಸುಮಾರು 14,500. ಅದಕ್ಕೆ 4,750 ಅಂದರೆ ವರ್ಷಕ್ಕೆ 32-33 ಪರ್ಸೆಂಟ್ ಆಸುಪಾಸು!

ಆರ್‌ಬಿಐ 2022ರಲ್ಲಿ ತಂದ ನಿಯಮದಂತೆ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಸಾಲಗಾರರಿಗೆ ತಿಳಿಸಲೇಬೇಕು. ಈ ದರವನ್ನು ಕಾರ್ಡ್‌ನಲ್ಲಿ ‘ಎಪಿಆರ್’ ಅಂತ ಹುಡುಕಿ. ಅದು ನಿಮ್ಮ ಲೆಕ್ಕಕ್ಕಿಂತ ತುಂಬಾ ಕಡಿಮೆ ಇದ್ದರೆ, ವಿಮೆಯ ಹಣ ಅದರಲ್ಲಿ ಸೇರಿದೆಯಾ ಅಂತ ಕೇಳಿ. ಕಂತು ಕಟ್ಟಿದ ದಿನವೇ ಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳಿ.