ವಾಕ್ಯ ಒಡೆಯುವಾಗ ‘ಕೆಲವರು’ ಕಳೆದುಹೋದದ್ದು

ಉಡುಪಿಯಲ್ಲಿ ಕೂತು ಸಮಾಜವಿಜ್ಞಾನದ ಪ್ರಬಂಧಗಳ ಕರಡು ತಿದ್ದುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನಮ್ಮ ಜಿಲ್ಲೆಯ ಭೂಸುಧಾರಣೆಯ ಬಗ್ಗೆ ಬರೆದ ಅಧ್ಯಾಯ ಕೊಟ್ಟಿದ್ದರು. ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಬಗ್ಗೆ ಅದರಲ್ಲಿ ಒಂದು ವಾಕ್ಯವಿತ್ತು. ಅಲ್ಲಿ ಬರುವ ಚಾಲಗೇಣಿ ಎಂದರೆ ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿ. ವಾಕ್ಯ ಹೀಗಿತ್ತು:

“1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಪಡಿಸಿ, ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಗೇಣಿಯನ್ನು ಸಾಬೀತುಪಡಿಸಿದ ಒಕ್ಕಲುಗಳಿಗೆ ಭೂಮಿಯ ಹಕ್ಕು ದೊರಕಿಸಿಕೊಟ್ಟರೂ, ದಾಖಲೆಯಿಲ್ಲದೆ ಬಾಯಿಮಾತಿನ ಮೇಲೆ ಉಳುತ್ತಿದ್ದ ಚಾಲಗೇಣಿಯವರಲ್ಲಿ ಕೆಲವರು ಧಣಿಗಳ ಮೇಲಿನ ಅವಲಂಬನೆಯಿಂದಾಗಿ ಅರ್ಜಿ ಹಾಕಲು ಹಿಂಜರಿದದ್ದರಿಂದ ಸುಧಾರಣೆಯ ಲಾಭ ಎಲ್ಲರಿಗೂ ಸಮಾನವಾಗಿ ತಲುಪಲಿಲ್ಲವೆಂದು ಹಿರಿಯ ಒಕ್ಕಲುಗಳ ಸಂದರ್ಶನಗಳು ಸೂಚಿಸುತ್ತವೆ.”

ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಕೊನೆಯ ಕ್ರಿಯಾಪದ ಬರುವವರೆಗೆ ಇದು ಕಾನೂನಿನ ಮಾತೋ ಸಂದರ್ಶನದ ಮಾತೋ ಗೊತ್ತಾಗುವುದಿಲ್ಲ. ನಾನು ಅವಸರದಲ್ಲಿ ಮೊದಲು ಹೀಗೆ ಒಡೆದೆ: “ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಪಡಿಸಿತು. ಒಕ್ಕಲುಗಳು ಅರ್ಜಿ ಸಲ್ಲಿಸಿ ಹಕ್ಕು ಪಡೆದರು. ಚಾಲಗೇಣಿಯವರಿಗೆ ದಾಖಲೆ ಇರಲಿಲ್ಲ. ಅವರು ಅರ್ಜಿ ಹಾಕಲು ಹಿಂಜರಿದರು. ಲಾಭ ಎಲ್ಲರಿಗೂ ತಲುಪಲಿಲ್ಲ.”

ಓದಲು ಸಲೀಸು, ಅರ್ಥ ಮಾತ್ರ ಬೇರೆಯದೇ. ಒಕ್ಕಲುಗಳೆಲ್ಲರೂ ಅರ್ಜಿ ಹಾಕಿದರು, ಚಾಲಗೇಣಿಯವರೆಲ್ಲರೂ ಹಿಂಜರಿದರು ಎಂದಾಯಿತು. ‘ಕೆಲವರು’ ಹೋಯಿತು. ಸಂದರ್ಶನದಲ್ಲಿ ಕೇಳಿದ್ದು ಇತಿಹಾಸದ ನಿಶ್ಚಿತ ಸಂಗತಿಯಾಗಿ ನಿಂತಿತು. ವಿದ್ಯಾರ್ಥಿನಿ ಓದಿ, “ಸರ್, ನಾನು ಇದನ್ನು ಹೇಳಲೇ ಇಲ್ಲವಲ್ಲ” ಅಂದರು. ಅವರ ಮಾತು ಸರಿಯಿತ್ತು.

ಆಮೇಲೆ ಪೆನ್ಸಿಲ್ ಹಿಡಿದು ನಿಧಾನವಾಗಿ ಕೂತೆ. ಕನ್ನಡದಲ್ಲಿ ತರ್ಕದ ಕೊಂಡಿಗಳು ಬಹುಪಾಲು ಕ್ರಿಯಾಪದದ ಬಾಲದಲ್ಲೇ ಇರುತ್ತವೆ. ‘ಕೊಟ್ಟರೂ’ ಎಂಬುದರ ‘ಊ’, ‘ಹಿಂಜರಿದದ್ದರಿಂದ’ ಎಂಬುದರ ‘ಇಂದ’, ‘ತಲುಪಲಿಲ್ಲವೆಂದು’ ಎಂಬುದರ ‘ಎಂದು’. ಪೂರ್ಣವಿರಾಮ ಇಟ್ಟ ಕೂಡಲೇ ಈ ಬಾಲ ಕತ್ತರಿಸಿಹೋಗುತ್ತದೆ. ಅದನ್ನು ಮುಂದಿನ ವಾಕ್ಯದ ತಲೆಗೆ ತಂದು ಕಟ್ಟಬೇಕು: ‘ಊ’ ಹೋದಲ್ಲಿ ‘ಆದರೂ’, ‘ಇಂದ’ ಹೋದಲ್ಲಿ ‘ಹಾಗಾಗಿ’ ಅಥವಾ ‘ಇದಕ್ಕೆ ಕಾರಣ’. ಹಾಗಾಗಿ ಪ್ರತಿಯೊಂದು ಕ್ರಿಯೆಗೂ ಅಡಿಗೆರೆ ಎಳೆದು ಬಾಲಕ್ಕೆ ಸುತ್ತು ಹಾಕಿದೆ. ಆ ಒಂದು ವಾಕ್ಯದಲ್ಲಿ ಹನ್ನೊಂದು ಸಿಕ್ಕವು.

ಹನ್ನೊಂದನ್ನೂ ಒಡೆಯಬಾರದು ಎಂಬುದು ಆಗ ಸ್ಪಷ್ಟವಾಯಿತು. ‘ಸಾಬೀತುಪಡಿಸಿದ ಒಕ್ಕಲುಗಳಿಗೆ’ ಎನ್ನುವಾಗ ‘ಸಾಬೀತುಪಡಿಸಿದ’ ಎಂಬ ವಿಶೇಷಣ ಯಾವ ಒಕ್ಕಲುಗಳು ಎಂದು ಆರಿಸಿ ಹೇಳುತ್ತದೆ. ಅದನ್ನು ಕಿತ್ತು ಸ್ವತಂತ್ರ ವಾಕ್ಯ ಮಾಡಿದರೆ ಆರಿಸುವಿಕೆ ಹೋಗಿ ಎಲ್ಲರೂ ಒಳಗೆ ಬರುತ್ತಾರೆ. ‘ಜಾರಿಗೆ ಬಂದ’ ಎಂಬುದು ಹಾಗಲ್ಲ. ತಿದ್ದುಪಡಿ ಯಾವುದೆಂಬ ಗೊಂದಲ ಇಲ್ಲಿಲ್ಲ, ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಪರೀಕ್ಷೆ ಸುಲಭ: ಆ ಪದವನ್ನು ಬೆರಳಿನಿಂದ ಮುಚ್ಚಿ ಓದಿದಾಗ ಹೇಳಿಕೆ ಹೆಚ್ಚು ಜನರಿಗೆ ಅನ್ವಯಿಸುತ್ತಿದ್ದರೆ ಅದನ್ನು ಬಿಡಿಸಬೇಡಿ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ‘ದಾಖಲೆಯಿಲ್ಲದೆ’. ಚಾಲಗೇಣಿಯವರು ಹೇಗೆ ಉಳುತ್ತಿದ್ದರು ಎನ್ನುವ ಬರೀ ವಿವರಣೆಯೇ ಅದು, ಅಥವಾ ಹಿಂಜರಿದದ್ದಕ್ಕೆ ಎರಡನೆಯ ಕಾರಣವೇ? ಉದ್ದ ವಾಕ್ಯ ಈ ಪ್ರಶ್ನೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಒಡೆಯಬೇಕಾದರೆ ಉತ್ತರ ಬೇಕು. ಇಲ್ಲಿ ಊಹಿಸುವ ಹಕ್ಕು ತಿದ್ದುವವನಿಗಿಲ್ಲ. ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವರು ಸಂದರ್ಶನದ ಟಿಪ್ಪಣಿಗಳನ್ನು ಮತ್ತೆ ನೋಡಿ ಮರುದಿನ ಹೇಳಿದರು: “ಚೀಟಿ ಇಲ್ಲ ಅಂತ ಹೆದರಿದೆವು ಎಂದು ಯಾರೂ ಹೇಳಿಲ್ಲ ಸರ್. ಧಣಿಗಳ ಎದುರು ನಿಲ್ಲುವುದು ಹೇಗೆ ಅಂತಲೇ ಎಲ್ಲರೂ ಹೇಳಿದ್ದು.” ಹಾಗಾದರೆ ಅದು ವಿವರಣೆಯಾಗಿಯೇ ಉಳಿಯಲಿ ಎಂದು ನಿಶ್ಚಯಿಸಿದೆವು.

ಕೊನೆಗೆ ಉಳಿದ ರೂಪ ಇದು:

“1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಪಡಿಸಿತು. ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಗೇಣಿಯನ್ನು ಸಾಬೀತುಪಡಿಸಿದ ಒಕ್ಕಲುಗಳಿಗೆ ಅದು ಭೂಮಿಯ ಹಕ್ಕು ದೊರಕಿಸಿಕೊಟ್ಟಿತು. ಆದರೂ ಈ ಲಾಭ ಎಲ್ಲರಿಗೂ ಸಮಾನವಾಗಿ ತಲುಪಲಿಲ್ಲವೆಂದು ಹಿರಿಯ ಒಕ್ಕಲುಗಳ ಸಂದರ್ಶನಗಳು ಸೂಚಿಸುತ್ತವೆ. ಅವರ ಪ್ರಕಾರ, ದಾಖಲೆಯಿಲ್ಲದೆ ಬಾಯಿಮಾತಿನ ಮೇಲೆ ಉಳುತ್ತಿದ್ದ ಚಾಲಗೇಣಿಯವರಲ್ಲಿ ಕೆಲವರು ಅರ್ಜಿ ಹಾಕಲು ಹಿಂಜರಿದದ್ದು ಇದಕ್ಕೆ ಕಾರಣ. ಧಣಿಗಳನ್ನೇ ಅವಲಂಬಿಸಿದ್ದರಿಂದ ಅವರು ಹಿಂಜರಿದರೆಂದೂ ಈ ಸಂದರ್ಶನಗಳು ಸೂಚಿಸುತ್ತವೆ.”

ಐದು ವಾಕ್ಯ. ಸಂದರ್ಶನದ ಮಾತು ನಡುವಿಗೆ ಬಂದದ್ದರಿಂದ ಯಾವುದು ಕಾನೂನು, ಯಾವುದು ಜನರ ನೆನಪು ಎಂಬುದು ಅಲ್ಲಿಂದಲೇ ಬೇರೆಯಾಯಿತು. ‘ಅವರ ಪ್ರಕಾರ’ ಎಂದು ಮತ್ತೆ ಹೇಳಿದ್ದು ಬೇಕೆಂದೇ. ‘ಎಂದು’ ಎಂಬ ಪದದ ಹಿಡಿತ ಪೂರ್ಣವಿರಾಮ ದಾಟುವುದಿಲ್ಲ. ಕೊನೆಯ ವಾಕ್ಯದ ‘ಅವರು’ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ, ಸಂದರ್ಶನ ಕೊಟ್ಟವರೋ ಹಿಂಜರಿದವರೋ ಎಂಬ ಅನುಮಾನ ಬರುತ್ತದೆ. ಅದನ್ನು ‘ಆ ಚಾಲಗೇಣಿಯವರು’ ಎಂದು ತಿದ್ದಿ ಕಳಿಸಿದೆ.