ಗಂಡ ತೀರಿಕೊಂಡ ಮೇಲೆ ಅತ್ತೆಮನೆಯಲ್ಲಿ ಉಳಿಯುವುದು ಹೇಗೆ, ಪಾಲು ಪಡೆಯುವುದು ಹೇಗೆ?

ಕಾರ್ಯ ಮುಗಿದು ನೆಂಟರು ಹೊರಟ ಮೇಲೆ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ: "ಸ್ವಲ್ಪ ದಿನ ತವರಲ್ಲಿ ಇದ್ದು ಬಾಮ್ಮ, ಆಮೇಲೆ ನೋಡೋಣ." ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ. ಕೆಲವು ಕಡೆ ಮಾತ್ರ, ಹೋದವಳು ವಾಪಸ್ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ ಬಿದ್ದಿರುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಆ ಮನೆಯಲ್ಲಿ ಇರಬಹುದಾ ಅನ್ನುವುದು ಒಂದು. ಆಸ್ತಿಯಲ್ಲಿ ಪಾಲು ಇದೆಯಾ ಅನ್ನುವುದು ಇನ್ನೊಂದು. ಎರಡಕ್ಕೂ ಕಾನೂನು ಬೇರೆ, ಹೋಗಬೇಕಾದ ಕಚೇರಿಯೂ ಬೇರೆ. "ಮನೆ ನನ್ನ ಹೆಸರಲ್ಲಿದೆ, ನಿನಗೇನೂ ಇಲ್ಲ" ಎಂದು ಮಾವ ಹೇಳಿದರೆ, ಪಾಲಿನ ಮಟ್ಟಿಗೆ ಅದು ನಿಜ ಇರಬಹುದು. ಇರುವ ಹಕ್ಕಿನ ಮಟ್ಟಿಗೆ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಿಂದೂ ಕುಟುಂಬ, ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಮನೆ ಮಾವ ತಮ್ಮ ದುಡಿಮೆಯಲ್ಲಿ ಕಟ್ಟಿಸಿದ್ದು. ತೀರಿಕೊಂಡ ಗಂಡ ತನ್ನ ದುಡ್ಡಲ್ಲಿ ಒಂದು ಸೈಟು, ಎರಡು ಎಕರೆ ಜಮೀನು ಕೊಂಡಿದ್ದ. ಬ್ಯಾಂಕಲ್ಲಿ 4 ಲಕ್ಷ ರೂಪಾಯಿ ಇದೆ, ನಾಮಿನಿ ಅವನ ತಾಯಿ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಅತ್ತೆ, ಮಾವ, ಒಬ್ಬ ಮೈದುನ, ಒಬ್ಬಳು ನಾದಿನಿ ಇದ್ದಾರೆ. ಉಯಿಲು ಇಲ್ಲ.

ಮೊದಲು: ಸಹಿ ಹಾಕಬೇಡಿ

"ಖಾತೆ ಮಾಡಿಸಲು ಒಂದು ಸಹಿ ಬೇಕು" ಎಂದು ತರುವ ಕಾಗದ ಎಷ್ಟೋ ಸಲ ಹಕ್ಕು ಬಿಡುಗಡೆ ಪತ್ರ ಆಗಿರುತ್ತದೆ. ಉಪನೋಂದಣಿ ಕಚೇರಿಗೆ ಕರೆದರೆ ಅನುಮಾನ ಇನ್ನೂ ಜಾಸ್ತಿ ಇರಲಿ. ಒಮ್ಮೆ ನೋಂದಣಿಯಾದ ಪತ್ರ ರದ್ದು ಮಾಡಿಸಲು ಸಿವಿಲ್ ಕೋರ್ಟಿಗೇ ಹೋಗಬೇಕು. ಮೋಸ ಆಯಿತು ಎಂದು ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಮಕ್ಕಳ ಪಾಲನ್ನಂತೂ ತಾಯಿಯಾದ ನೀವೂ ಕೋರ್ಟಿನ ಅನುಮತಿ ಇಲ್ಲದೆ ಬಿಟ್ಟುಕೊಡುವಂತಿಲ್ಲ, ಮಾರುವಂತಿಲ್ಲ. ಒತ್ತಾಯ ಮಾಡುವವರಿಗೆ ಇದನ್ನೇ ಹೇಳಿ, ನೆಪವೂ ಆಗುತ್ತದೆ, ನಿಜವೂ ಹೌದು.

ಮರಣ ಪ್ರಮಾಣಪತ್ರ, ಮದುವೆಯ ದಾಖಲೆ ಅಥವಾ ಫೋಟೊ, ಮಕ್ಕಳ ಜನನ ಪತ್ರ, ಆ ಮನೆಯ ವಿಳಾಸ ಇರುವ ಆಧಾರ್ ಮತ್ತು ಪಡಿತರ ಚೀಟಿ, ಇವುಗಳ ನಕಲನ್ನು ಮನೆಯ ಹೊರಗೆ, ನಂಬಿಕೆಯವರ ಹತ್ತಿರ ಇಡಿ.

ಮನೆಯಲ್ಲಿ ಉಳಿಯಲು

ಇಲ್ಲಿ ಕೆಲಸಕ್ಕೆ ಬರುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಹೊಡೆತ ತಿಂದವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಆದರೆ ಊಟ, ಖರ್ಚು ನಿಲ್ಲಿಸುವುದು, ಕೋಣೆಗೆ ಬೀಗ ಹಾಕುವುದು, ಮನೆಗೆ ಸೇರಿಸದಿರುವುದು ಕೂಡ ಇದರಡಿ ದೌರ್ಜನ್ಯವೇ, ಆರ್ಥಿಕ ದೌರ್ಜನ್ಯ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ.

ಮನೆ ಯಾರ ಹೆಸರಲ್ಲಿದೆ ಎಂಬುದೇ ಮೊದಲು ದೊಡ್ಡ ಅಡ್ಡಿಯಾಗಿತ್ತು. 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಸೊಸೆ ಸಂಸಾರ ಮಾಡಿಕೊಂಡಿದ್ದ ಮನೆ ಗಂಡನ ತಂದೆಯ ಹೆಸರಲ್ಲಿದ್ದರೂ ಅದು 'ಹಂಚಿಕೊಂಡ ಮನೆ'ಯೇ, ಅಂದರೆ ಈ ಕಾಯ್ದೆಯಡಿ ಅವಳಿಗೆ ವಾಸದ ಹಕ್ಕಿರುವ ಮನೆಯೇ ಆಗಬಹುದು. 2022ರ ಪ್ರಭಾ ತ್ಯಾಗಿ ಪ್ರಕರಣ ಒಬ್ಬ ವಿಧವೆಯದೇ. ಅರ್ಜಿ ಹಾಕುವಾಗ ಆ ಮನೆಯಲ್ಲೇ ಇರಬೇಕೆಂದಿಲ್ಲ ಎಂದು ಕೋರ್ಟ್ ಅದರಲ್ಲಿ ಹೇಳಿತು. ಅಂದರೆ ಈಗಾಗಲೇ ತವರಿಗೆ ಹೋಗಿದ್ದರೂ ದಾರಿ ಮುಚ್ಚಿಲ್ಲ.

ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ವಕೀಲರ ಮೂಲಕ ಕೊಡಬಹುದು, ಈ ಕಾಯ್ದೆಯಡಿ ನೆರವಾಗಲು ಸರ್ಕಾರ ನೇಮಿಸಿದ ತಾಲ್ಲೂಕಿನ ಸಂರಕ್ಷಣಾಧಿಕಾರಿ ಮೂಲಕವೂ ಕೊಡಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇಡಬೇಕು, 60 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ಕೋರ್ಟುಗಳಲ್ಲಿ ಇದಕ್ಕಿಂತ ತಡ ಆಗುವುದೇ ಹೆಚ್ಚು. ಹಾಗಾಗಿ ಅರ್ಜಿಯ ಜೊತೆಗೇ ಮಧ್ಯಂತರ ಆದೇಶ ಕೇಳಿ. ಹೊರಹಾಕಬಾರದು, ಬೀಗ ಹಾಕಬಾರದು, ಮನೆ ಮಾರಬಾರದು ಎಂದು ಬಿಡಿಬಿಡಿಯಾಗಿ ಕೇಳಿದರೆ ಒಳ್ಳೆಯದು.

ಮಿತಿಯೂ ಇದೆ. ಇದು ಇರುವ ಹಕ್ಕು, ಒಡೆತನವಲ್ಲ. ಅದೇ ಮನೆಯ ಬದಲು ಬೇರೆ ಮನೆ ಮಾಡಿಕೊಡಿ ಅಥವಾ ಬಾಡಿಗೆ ಕೊಡಿ ಎಂದು ಕೋರ್ಟ್ ಹೇಳಬಹುದು. ಅತ್ತೆ, ನಾದಿನಿಯನ್ನು ಮನೆಯಿಂದ ಕಳಿಸುವ ಆದೇಶ ಸಿಗುವುದಿಲ್ಲ. ಹೆಂಗಸರನ್ನು ಹೊರಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ.

ಇನ್ನೊಂದು ಪಟ್ಟು ಗೊತ್ತಿರಲಿ. ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಎದುರು ಹೋಗಿ, ಸೊಸೆಯನ್ನು ಖಾಲಿ ಮಾಡಿಸಿ ಎಂದು ಕೇಳುತ್ತಾರೆ. ಅಂಥದ್ದೇ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಎಸ್. ವನಿತಾ ಪ್ರಕರಣದಲ್ಲಿ, ಆ ಕಾಯ್ದೆ ತೋರಿಸಿ ಸೊಸೆಯ ವಾಸದ ಹಕ್ಕನ್ನು ಸುಮ್ನೆ ಅಳಿಸಿಹಾಕಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅಲ್ಲಿಂದ ನೋಟಿಸು ಬಂದರೆ ಹಾಜರಾಗಿ, ಲಿಖಿತ ಉತ್ತರ ಕೊಡಿ. ಹೋಗದೆ ಕೂತರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗುತ್ತದೆ.

ಪಾಲು ಎಷ್ಟು?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಮೊದಲ ಸಾಲಿನ ವಾರಸುದಾರರು. ತಂದೆ ಆ ಸಾಲಿನಲ್ಲಿಲ್ಲ, ತಮ್ಮನೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಸೈಟು, ಜಮೀನು, ಹಣ ಎಲ್ಲವೂ ಸಮನಾಗಿ ನಾಲ್ಕು ಭಾಗ: ಹೆಂಡತಿಗೆ ಒಂದು, ಮಕ್ಕಳಿಗೆ ಒಂದೊಂದು, ಅತ್ತೆಗೆ ಒಂದು. ಮಾವನಿಗೆ ಇಲ್ಲ, ಮೈದುನನಿಗೆ ಇಲ್ಲ. ಅತ್ತೆಯ ಪಾಲು ಅತ್ತೆಯದೇ, ಅದನ್ನು ನಿರಾಕರಿಸಲು ಹೋಗಬೇಡಿ.

ಬ್ಯಾಂಕಿನ 4 ಲಕ್ಷ ನಾಮಿನಿಯಾದ ಅತ್ತೆಯ ಕೈಗೆ ಹೋಗಬಹುದು. ಆದರೆ ನಾಮಿನಿ ಅಂದರೆ ಹಣ ಪಡೆದು ವಾರಸುದಾರರಿಗೆ ಲೆಕ್ಕ ಒಪ್ಪಿಸಬೇಕಾದವರು, ಮಾಲೀಕರಲ್ಲ. ಅತ್ತೆಗೆ ಸೇರುವುದು 1 ಲಕ್ಷ ಮಾತ್ರ.

ಮಾವನ ಮನೆಯಲ್ಲಿ ಅವರು ಬದುಕಿರುವವರೆಗೆ ಪಾಲು ಇಲ್ಲ. ಅವರು ಬೇರೆಯವರಿಗೆ ಉಯಿಲು ಬರೆದರೆ ಆಮೇಲೂ ಇಲ್ಲ. ಬರೆಯದೆ ತೀರಿಕೊಂಡರೆ ಮಾತ್ರ ನಾಲ್ಕು ಭಾಗವಾಗುತ್ತದೆ: ಅತ್ತೆ, ಮೈದುನ, ನಾದಿನಿ, ಮತ್ತು ತೀರಿಕೊಂಡ ಮಗನ ಕವಲು. ಆ ಕವಲಿನ ಕಾಲು ಭಾಗವನ್ನು ನೀವೂ ಇಬ್ಬರು ಮಕ್ಕಳೂ ಸಮ ಹಂಚಿಕೊಳ್ಳುತ್ತೀರಿ, ತಲಾ ಹನ್ನೆರಡರಲ್ಲಿ ಒಂದು. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಲೆಕ್ಕವೇ ಬೇರೆ. ಮೊದಲು ಗಂಡನ ಪಾಲನ್ನು ಬೇರೆ ಮಾಡಿ, ಅದನ್ನು ವಾರಸುದಾರರಿಗೆ ಹಂಚಬೇಕು. ಆ ಲೆಕ್ಕವನ್ನು ವಕೀಲರಿಂದಲೇ ಮಾಡಿಸಿ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲು ಬೇರೆ: ಮಕ್ಕಳಿದ್ದರೆ ಮುಸ್ಲಿಂ ವಿಧವೆಗೆ ಎಂಟರಲ್ಲಿ ಒಂದು, ಕ್ರೈಸ್ತ ವಿಧವೆಗೆ ಮೂರರಲ್ಲಿ ಒಂದು.

ಮರುಮದುವೆ ಆದರೆ ಎಲ್ಲಾ ಹೋಗುತ್ತದೆ ಎಂದು ಹೆದರಿಸುತ್ತಾರೆ. ಗಂಡನಿಂದ ಬಂದ ಪಾಲು ನಿಮ್ಮದಾಗಿದೆ, ಅದು ಮರಳಿ ಹೋಗುವುದಿಲ್ಲ.

ಪಾಲು ಕೈಗೆ ಬರಲು

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ, ನಿಮ್ಮ ಮತ್ತು ಮಕ್ಕಳ ಹೆಸರು ಸರಿಯಾಗಿದೆಯಾ ನೋಡಿ. ಕೆಲವೊಮ್ಮೆ ಬೇರೆಯವರು ಮೊದಲೇ ಹೋಗಿ ಹೆಂಡತಿಯ ಹೆಸರನ್ನೇ ಬಿಟ್ಟು ಮಾಡಿಸಿರುತ್ತಾರೆ. ಜಮೀನನ್ನು ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ, ಸೈಟಿಗೆ ಪುರಸಭೆಯಲ್ಲಿ ಖಾತೆ ವರ್ಗಾವಣೆ ಆಗಬೇಕು. ಅತ್ತೆಮನೆಯವರು ಖಾತೆಗೆ ಅರ್ಜಿ ಹಾಕಿದ್ದಾರೆಂದು ತಿಳಿದರೆ ನೋಟಿಸಿನ ಗಡುವಿನೊಳಗೆ ತಕರಾರು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪಕ್ಷ ಖಾತೆ ಮೈದುನನ ಹೆಸರಿಗೆ ಆಗಿಹೋದರೂ ಎದೆಗುಂದಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ.

ಪಾಲು ಕೊಡಲು ಅವರು ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗ ದಾವೆ ಹಾಕಬೇಕು. ಇಲ್ಲಿ ಜಾಣತನ ಬೇಕಾದ ಒಂದು ವಿಷಯ ಇದೆ. ಆಸ್ತಿ ಜಂಟಿ ಸ್ವಾಧೀನದಲ್ಲಿದ್ದರೆ ಕೋರ್ಟ್ ಶುಲ್ಕ ಸಣ್ಣ ನಿಗದಿತ ಮೊತ್ತ. ನಿಮ್ಮನ್ನು ಪೂರ್ತಿ ಹೊರಗಿಟ್ಟಿದ್ದಾರೆ ಎಂದು ಆದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಆದ್ದರಿಂದ ಜಮೀನಿನ ಕಡೆ ಹೋಗಿಬನ್ನಿ, ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಿ. ದಾವೆಯ ಜೊತೆಗೇ, ಆಸ್ತಿಯನ್ನು ಬೇರೆಯವರಿಗೆ ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳಿ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ಕರೆ ಮಾಡುವುದಾದರೆ ಸಂಖ್ಯೆ 15100. ರಾತ್ರೋರಾತ್ರಿ ಹೊರಗೆ ಹಾಕಿದರೆ ಮಹಿಳಾ ಸಹಾಯವಾಣಿ 181.